ಒಪ್ಪಿಗೆ ಕೊಡಲು ಬಂದ ಅಪ್ಪನನ್ನು ವಾಪಸ್ ಕಳಿಸಬೇಡಿ

ಗೆ,
ಕಾರ್ಯದರ್ಶಿಗಳು,
ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ,
ನವದೆಹಲಿ

ವಿಷಯ: ಮಕ್ಕಳ ಅಕೌಂಟಿಗೆ ತಂದೆ ತಾಯಿಯ ಒಪ್ಪಿಗೆ ಪಡೆಯುವ ಹಂತಗಳು ಪದೇಪದೇ ವಿಫಲವಾಗುತ್ತಿರುವ ಬಗ್ಗೆ

ಮಾನ್ಯರೇ,

ತಾಲ್ಲೂಕು ಕೇಂದ್ರವೊಂದರಲ್ಲಿ, ಹೈಸ್ಕೂಲಿನ ಎದುರು ನಾನು ಆನ್‌ಲೈನ್ ಸೆಂಟರ್ ನಡೆಸುತ್ತೇನೆ. ಜಾತಿ ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಅರ್ಜಿ, ಪಹಣಿ, ಜೆರಾಕ್ಸ್ ನನ್ನ ದಿನದ ಕೆಲಸ. ಈಚೆಗೆ ಇವುಗಳ ಜೊತೆ ಇನ್ನೊಂದು ಸೇರಿದೆ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಬರುತ್ತಾರೆ. "ಅಕ್ಕ, ಅಕೌಂಟ್ ಆಗ್ತಿಲ್ಲ. ಪೇರೆಂಟ್ ವೆರಿಫೈ ಮಾಡಿ ಅಂತ ಬರ್ತಿದೆ" ಎನ್ನುತ್ತಾರೆ.

ಈ ಪತ್ರವನ್ನು ನಿಮಗೇ ಬರೆಯಲು ಕಾರಣವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸುವ ಮೊದಲು ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಅದು ಪರಿಶೀಲಿಸಿ ನೋಡಬಹುದಾದ ಒಪ್ಪಿಗೆ ಆಗಿರಬೇಕು ಎನ್ನುತ್ತದೆ 9ನೇ ಸೆಕ್ಷನ್. ಹೇಗೆ ಪರಿಶೀಲಿಸಬೇಕು ಅನ್ನುವುದು 2025ರ ನವೆಂಬರ್‌ನಲ್ಲಿ ನೀವು ಹೊರಡಿಸಿದ ನಿಯಮಗಳಲ್ಲಿ 10ನೆಯದು. ಅಧಿಸೂಚನೆಯ ಪ್ರಕಾರ ಅದು ಜಾರಿಯಾಗುವುದು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ. ಇವತ್ತು ಕೆಲವು ಕಂಪನಿಗಳು ಮಾತ್ರ, ಬಹುಪಾಲು ಬೇರೆ ದೇಶದ ಕಾನೂನಿಗೆ ಹೆದರಿ, ಅಪ್ಪ ಅಮ್ಮನನ್ನು ಕೇಳುತ್ತವೆ. ಆಮೇಲೆ ಎಲ್ಲರೂ ಕೇಳಬೇಕಾಗುತ್ತದೆ. ಮಕ್ಕಳ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ ಇರುವುದರಿಂದ ಸ್ವಲ್ಪ ಜಾಸ್ತಿ ಬಿಗಿಯಾಗಿಯೇ ಕೇಳುತ್ತಾರೆ ಅಂದುಕೊಂಡಿದ್ದೇನೆ.

ಹಾಗಾಗಿ ಈಗ ನಮ್ಮ ಅಂಗಡಿಯಲ್ಲಿ ಏನು ಕೆಡುತ್ತಿದೆ ಅಂತ ನೀವು ಮೊದಲೇ ನೋಡುವುದು ಒಳ್ಳೆಯದು. ಒಂದು ಮನೆಯ ಕೇಸನ್ನು ಪೂರ್ತಿ ಹೇಳುತ್ತೇನೆ.

ಒಂಬತ್ತನೇ ಕ್ಲಾಸಿನ ಹುಡುಗಿ. ವಯಸ್ಸು 14. ಕಂಪ್ಯೂಟರ್ ಪಾಠದಲ್ಲಿ ಆಸೆ ಹುಟ್ಟಿ, ವಿದೇಶದ ಒಂದು ಕೋಡಿಂಗ್ ಕಲಿಸುವ ತಾಣದಲ್ಲಿ ಅಕೌಂಟ್ ಬೇಕಿತ್ತು. ಹುಟ್ಟಿದ ದಿನಾಂಕವನ್ನು ಇದ್ದಂತೆ ಹಾಕಿದಳು. 16 ತುಂಬಿಲ್ಲ ಅಂತ ಗೊತ್ತಾದ ಕೂಡಲೇ ತಾಣವು ಅಪ್ಪ ಅಥವಾ ಅಮ್ಮನ ಇಮೇಲ್ ಕೇಳಿತು. ಅಪ್ಪ ಟೆಂಪೋ ಓಡಿಸುತ್ತಾರೆ. ಅವರ ಫೋನಿನಲ್ಲಿ ಜಿಮೇಲ್ ಇದೆ, ಆದರೆ ಅದನ್ನು ಮಾಡಿಕೊಟ್ಟವನು ಫೋನ್ ಮಾರಿದ ಅಂಗಡಿಯ ಹುಡುಗ. ಪಾಸ್‌ವರ್ಡ್ ಇವರಿಗೆ ಗೊತ್ತಿಲ್ಲ. ಅದರೊಳಗೆ ಹುಟ್ಟಿದ ವರ್ಷ ಏನಿದೆ ಅಂತಲೂ ಗೊತ್ತಿಲ್ಲ. ಇದು ಸಣ್ಣ ವಿಷಯವಲ್ಲ. ಅಂಗಡಿಯ ಹುಡುಗರು ಆತುರದಲ್ಲಿ ಕೈಗೆ ಬಂದ ವರ್ಷ ಒತ್ತುತ್ತಾರೆ. ಹಾಗಾಗಿ ನಲವತ್ತೈದು ವರ್ಷದ ಅಪ್ಪನ ಅಕೌಂಟ್ ಹದಿನಾರು ವರ್ಷದವನದು ಅಂತ ದಾಖಲಾಗಿರುತ್ತದೆ. ಪೋಷಕರ ಅಕೌಂಟ್ 18 ದಾಟಿದವರದ್ದೇ ಆಗಬೇಕು ಎನ್ನುವ ಕಡೆಗಳಲ್ಲಿ "ನೀವು ಪೋಷಕರಾಗಲು ಬರುವುದಿಲ್ಲ" ಎಂಬ ಉತ್ತರ ಬರುತ್ತದೆ. ಮಗುವಿನ ಅಕೌಂಟ್ ಕೆಟ್ಟಿದೆ ಅಂತ ಎಲ್ಲರೂ ಮಗುವಿನ ಕಡೆಯೇ ಹುಡುಕುತ್ತಾರೆ. ನಾನು ಈಗ ಮೊದಲು ತೆರೆದು ನೋಡುವುದು ಅಪ್ಪನ ಅಕೌಂಟಿನ ಹುಟ್ಟಿದ ದಿನಾಂಕವನ್ನು.

ಈ ಮನೆಯಲ್ಲಿ ಅದು ಸರಿಯಿತ್ತು. ಇಮೇಲ್‌ಗೆ ಒಂದು ಲಿಂಕ್ ಬಂತು. ಬಂದಿದ್ದು ಯಾವ ಫೋನಿಗೆ? ಮಗಳು ಅಕೌಂಟ್ ಮಾಡುತ್ತಿದ್ದ ಅದೇ ಫೋನಿಗೆ. ಮನೆಯಲ್ಲಿರುವುದೇ ಒಂದು. ಕೇಳುವವಳೂ ಕೊಡುವವರೂ ಒಂದೇ ಪರದೆಯ ಮುಂದೆ ಕೂತಿದ್ದಾರೆ. ಬರೀ ಲಿಂಕ್ ಒತ್ತುವುದೇ ಒಪ್ಪಿಗೆ ಆಗಿದ್ದರೆ ಅವಳೇ ಒತ್ತಿಬಿಡುತ್ತಿದ್ದಳು, ಅಪ್ಪ ಬರುವುದೇ ಬೇಡವಾಗಿತ್ತು. ಇದು ಕಂಪನಿಗಳಿಗೂ ಗೊತ್ತು. ಅದಕ್ಕೇ ಮುಂದೆ ಇನ್ನೊಂದು ಬಾಗಿಲು ಇಟ್ಟಿದ್ದಾರೆ: ಕಾರ್ಡ್ ತೋರಿಸಿ, ಇಲ್ಲವೇ ಗುರುತಿನ ಚೀಟಿ ತೋರಿಸಿ.

ಕಾರ್ಡಿನ ಈ ಪದ್ಧತಿ ಅಮೆರಿಕದಿಂದ ಬಂದದ್ದು. ಅಲ್ಲಿ 1998ರ ಮಕ್ಕಳ ಕಾನೂನಿನ ಕೆಳಗೆ 13 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಅದನ್ನು ಪಡೆಯುವ ದಾರಿಗಳಲ್ಲಿ ಕಾರ್ಡಿನಿಂದ ಹಣ ಕಟ್ಟುವುದೂ ಒಂದು. ಕ್ರೆಡಿಟ್ ಕಾರ್ಡ್ ಇದೆ ಅಂದರೆ ದೊಡ್ಡವರೇ ಇರಬೇಕು ಅನ್ನುವ ಲೆಕ್ಕ. ಅಲ್ಲಿ ಅದು ನಡೆಯುತ್ತದೆ. ನಮ್ಮ ಟೆಂಪೋ ಅಪ್ಪನ ಹತ್ತಿರ ಇರುವುದು ಬ್ಯಾಂಕು ಕೊಟ್ಟ ರುಪೇ ಡೆಬಿಟ್ ಕಾರ್ಡ್. ದಿನದ ವ್ಯವಹಾರವೆಲ್ಲ ಯುಪಿಐ. ತಾಣವು ಕಾರ್ಡಿನ ನಂಬರನ್ನೇ ಒಪ್ಪಲಿಲ್ಲ. ಅವರ ತಮ್ಮನ ಹತ್ತಿರ ವೀಸಾ ಡೆಬಿಟ್ ಕಾರ್ಡ್ ಇತ್ತು. ತಮ್ಮನನ್ನೇ ಕರೆಸಿದರು. (ಇಲ್ಲಿಗೇ "ಪೋಷಕರ" ಒಪ್ಪಿಗೆ ಚಿಕ್ಕಪ್ಪನ ಒಪ್ಪಿಗೆ ಆಯಿತು. ತಾಣಕ್ಕೆ ಅದು ತಿಳಿಯುವ ದಾರಿಯೇ ಇಲ್ಲ.) ನಂಬರ್ ಒಪ್ಪಿತು, ಆದರೆ ಪರಿಶೀಲನೆ ವಿಫಲ ಅಂತ ಬಂತು. ತಮ್ಮನ ಫೋನಿಗೆ ಬ್ಯಾಂಕಿನ ಎಸ್ಸೆಮ್ಮೆಸ್ ಬಂತು: ವ್ಯವಹಾರ ನಿರಾಕರಿಸಲಾಗಿದೆ.

ಈ ಎಸ್ಸೆಮ್ಮೆಸ್ ಬಹಳ ಮುಖ್ಯ. ಅದು ಬಂದರೆ ತಾಣ ಕೇಳಿದ್ದು ಬ್ಯಾಂಕಿನವರೆಗೆ ಹೋಗಿದೆ, ತಡೆದದ್ದು ಬ್ಯಾಂಕು ಅಂತ ಅರ್ಥ. ಬರದಿದ್ದರೆ ಸಾಮಾನ್ಯವಾಗಿ ತಾಣವೇ ಆ ಬಗೆಯ ಕಾರ್ಡನ್ನು ಬಾಗಿಲಲ್ಲೇ ನಿಲ್ಲಿಸಿದೆ. ಬ್ಯಾಂಕು ಯಾಕೆ ತಡೆಯುತ್ತದೆ? ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ, ಹೊಸ ಕಾರ್ಡ್ ಕೊಡುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಕ್ಕೆ ಮಾತ್ರ ಅದು ಚಾಲೂ ಇರುತ್ತದೆ. ಆನ್‌ಲೈನ್ ಬಳಕೆ, ವಿದೇಶಿ ಬಳಕೆ ಎರಡನ್ನೂ ಗ್ರಾಹಕರೇ ಕೇಳಿ ಚಾಲೂ ಮಾಡಿಸಿಕೊಳ್ಳಬೇಕು. ಮೋಸ ತಡೆಯಲು ಮಾಡಿದ ಒಳ್ಳೆಯ ನಿಯಮ. ಆದರೆ ಒಪ್ಪಿಗೆಗಾಗಿ ಹಾಕುವ ಪುಟ್ಟ ಮೊತ್ತವು ವಿದೇಶದಿಂದ ಬಂದ ವ್ಯವಹಾರ ಅಂತಲೇ ಬ್ಯಾಂಕಿಗೆ ಕಾಣುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಸೆಟ್ಟಿಂಗ್‌ಗೆ ಹೋಗಿ, ವಿದೇಶಿ ಬಳಕೆಯನ್ನು ಚಾಲೂ ಮಾಡಿ, ಮಿತಿಯನ್ನು ನೂರು ರೂಪಾಯಿಗೆ ಇಳಿಸಿ, ಕೆಲಸ ಮುಗಿದ ಮೇಲೆ ಮತ್ತೆ ಬಂದ್ ಮಾಡಬೇಕು. ಇದನ್ನು ನಾನು ಹೇಳಿಕೊಡಬಲ್ಲೆ. ತಾಣದ ಪರದೆ ಹೇಳುವುದಿಲ್ಲ. ಅದು ಹೇಳುವುದು "ಇನ್ನೊಂದು ಕಾರ್ಡ್ ಬಳಸಿ" ಅಂತ ಮಾತ್ರ.

ಚಿಕ್ಕಪ್ಪನ ಬ್ಯಾಂಕಿನ ಆ್ಯಪ್ ಅವರ ಫೋನಿನಲ್ಲಿ ಇರಲಿಲ್ಲ, ಅವರು ಅದನ್ನು ಹಾಕಿಸಿಕೊಳ್ಳಲೂ ಒಪ್ಪಲಿಲ್ಲ. ಮಗುವಿನ ಅಕೌಂಟಿಗಾಗಿ ತನ್ನ ಕಾರ್ಡನ್ನು ಫಾರಿನ್ನಿಗೆ ಯಾಕೆ ತೆರೆಯಬೇಕು ಅಂತ ಕೇಳಿದರು. ಅದು ತಪ್ಪಲ್ಲ. ಪತ್ರಿಕೆ, ಟಿವಿ, ಫೋನಿನ ಕಾಲರ್ ಟ್ಯೂನ್ ಎಲ್ಲದರಲ್ಲೂ ಸರ್ಕಾರವೇ ಕಾರ್ಡಿನ ವಿವರ ಯಾರಿಗೂ ಕೊಡಬೇಡಿ ಅಂತ ಹೇಳುತ್ತ ಬಂದಿದೆ.

ಇನ್ನೊಂದು ಮಾತು. ನಮ್ಮ ಬ್ಯಾಂಕುಗಳು ಹತ್ತು ವರ್ಷ ದಾಟಿದ ಮಕ್ಕಳಿಗೂ ತಮ್ಮದೇ ಉಳಿತಾಯ ಖಾತೆ ಕೊಡಬಹುದು, ಬೇಕಾದರೆ ಡೆಬಿಟ್ ಕಾರ್ಡನ್ನೂ ಕೊಡಬಹುದು. ಅಂದಮೇಲೆ ಡೆಬಿಟ್ ಕಾರ್ಡ್ ಇರುವುದರಿಂದ ದೊಡ್ಡವರು ಅಂತ ಸಾಬೀತಾಗುವುದಿಲ್ಲ. ಕ್ರೆಡಿಟ್ ಕಾರ್ಡೇ ಬೇಕು ಅಂದರೆ ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಅದು ಇಲ್ಲ. ಕಾರ್ಡಿನ ದಾರಿ ಭಾರತದ ಹಳ್ಳಿಗೆ ಹೊಂದುವುದೇ ಇಲ್ಲ.

ಸರಿ, ಗುರುತಿನ ಚೀಟಿ ಅಂತ ಹೊರಟೆವು. ಅಪ್ಪ ಆಧಾರ್ ತಂದಿದ್ದರು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಷನ್ ಮಾಡಿಸಿದ್ದು. ಟ್ಯೂಬ್‌ಲೈಟಿನ ಕೆಳಗೆ ಫೋಟೋ ತೆಗೆದರೆ ಹೆಸರಿನ ಮೇಲೆಯೇ ಬೆಳಕು ಹೊಳೆಯುತ್ತದೆ, ಯಂತ್ರ ಓದುವುದಿಲ್ಲ. ಹೊರಗೆ ಜಗುಲಿಯ ನೆರಳಿನಲ್ಲಿ ಇಟ್ಟು ತೆಗೆದಾಗ ಓದಿತು. ಮೊದಲ 8 ಅಂಕಿ ಮುಚ್ಚಿದ ಆಧಾರ್ ಪ್ರತಿಯನ್ನು ನಾನು ಕೊಟ್ಟು ನೋಡಿದ್ದೆ. ಹಾಗೆ ಮುಚ್ಚಿದ್ದನ್ನು ಕೊಡಲು ಆಧಾರ್ ಪ್ರಾಧಿಕಾರವೇ ಅವಕಾಶ ಮಾಡಿಕೊಟ್ಟಿದೆ. ತಾಣ ಅದನ್ನು "ಅಪೂರ್ಣ ದಾಖಲೆ" ಎಂದಿತು. ಪೂರ್ತಿ ನಂಬರ್ ಇರುವುದನ್ನು ಕೊಟ್ಟ ಮೇಲೆ ಮುಂದಕ್ಕೆ ಹೋಯಿತು.

ಆಮೇಲೆ ನಿಂತದ್ದು ಎರಡು ಕಡೆ. ಮೊದಲನೆಯದು ಹುಟ್ಟಿದ ದಿನಾಂಕ. ಅವರ ಆಧಾರ್ ಹಳೆಯದು, ಅದರಲ್ಲಿ ಹುಟ್ಟಿದ ವರ್ಷ ಮಾತ್ರ ಇದೆ, 1979. ತಾಣದ ಫಾರಂ ದಿನ, ತಿಂಗಳು, ವರ್ಷ ಮೂರನ್ನೂ ಕೇಳಿತು. ಅವರು ಶಾಲೆಯಲ್ಲಿರುವಂತೆ ಜೂನ್ 1 ಅಂತ ಹೇಳಿದರು. ನಮ್ಮಲ್ಲಿ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೇ, ಮೇಷ್ಟ್ರು ಶಾಲೆಗೆ ಸೇರಿಸಿಕೊಂಡ ಹೊತ್ತಿನ ಕೃಪೆ ಅದು. ಚೀಟಿಯಲ್ಲಿ ಆ ದಿನಾಂಕ ಕಾಣದ ಕಾರಣ ಯಂತ್ರ ಹೊಂದಿಕೆಯಿಲ್ಲ ಅಂದಿತು. ಸ್ವಲ್ಪ ಯೋಚಿಸಿ ನೋಡಿ. ತಾಣಕ್ಕೆ ಬೇಕಾದದ್ದು ಈ ಮನುಷ್ಯ 18 ದಾಟಿದ್ದಾನೆಯೇ ಅನ್ನುವುದು ಮಾತ್ರ. 1979 ಅನ್ನುವ ಒಂದು ವರ್ಷ ಸಾಲದೇ? ಜನವರಿ ಆದರೇನು, ಡಿಸೆಂಬರ್ ಆದರೇನು, ಅವರು ದೊಡ್ಡವರೇ.

ಎರಡನೆಯದು ಹೆಸರು. ಆಧಾರ್‌ನಲ್ಲಿ ಒಂದು ಕಾಗುಣಿತ, ಬ್ಯಾಂಕಿನಲ್ಲಿ ಇನ್ನೊಂದು, ಜಿಮೇಲ್‌ನಲ್ಲಿ ಮೂರನೆಯದು. ಇದು ಒಬ್ಬರ ಕಥೆಯಲ್ಲ. ಲಕ್ಷ್ಮಮ್ಮ ಅನ್ನುವ ಒಂದೇ ಹೆಸರನ್ನು ನಾನು Lakshmamma, Laxmamma, Lakshmma ಅಂತ ಮೂರು ದಾಖಲೆಗಳಲ್ಲಿ, ಒಬ್ಬರೇ ಅಜ್ಜಿಯ ಕೈಯಲ್ಲಿ ನೋಡಿದ್ದೇನೆ. ಇದರ ಮೇಲೆ ಇನಿಷಿಯಲ್ ಬೇರೆ. ನಮ್ಮಲ್ಲಿ ಊರು, ಅಪ್ಪನ ಹೆಸರು ಇನಿಷಿಯಲ್ ಆಗುತ್ತದೆ. ಮನೆತನದ ಹೆಸರಿನ ಜಾಗ ಖಾಲಿ ಬಿಡಲು ಫಾರಂ ಒಪ್ಪುವುದಿಲ್ಲ. ಅಲ್ಲಿ ಒಬ್ಬರು K ಅಂತ ಹಾಕುತ್ತಾರೆ, ಒಬ್ಬರು ಚುಕ್ಕಿ ಹಾಕುತ್ತಾರೆ, ಒಬ್ಬರು ಹೆಸರನ್ನೇ ಎರಡು ಸಲ ಬರೆಯುತ್ತಾರೆ. ಚೀಟಿಯಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಟೈಪ್ ಮಾಡಿದರೆ ಕೆಲವು ಸಲ ದಾಟುತ್ತದೆ. ಆದರೆ ಆಗ ಇಮೇಲ್ ಅಕೌಂಟಿನ ಹೆಸರಿಗೆ ಹೊಂದುವುದಿಲ್ಲ.

ಹೆಸರನ್ನೂ ಸರಿಮಾಡಿದ ಮೇಲೆ ಸೆಲ್ಫಿ. ಮುಖವನ್ನು ವೃತ್ತದೊಳಗೆ ಇಡಿ, ಎಡಕ್ಕೆ ತಿರುಗಿ, ಹತ್ತಿರ ಬನ್ನಿ ಅಂತ ಇಂಗ್ಲಿಷಿನಲ್ಲಿ ಹೇಳುತ್ತದೆ. ಮಗಳು ಪಕ್ಕದಲ್ಲಿ ನಿಂತು "ಅಪ್ಪ, ಎಡಕ್ಕೆ" ಅನ್ನುತ್ತಾಳೆ. ಅವಳ ಮುಖವೂ ಚೌಕಟ್ಟಿನೊಳಗೆ ಬಂದು, ಒಬ್ಬರೇ ಇರಬೇಕು ಅಂತ ಶುರುವಿಗೆ ಹೋಗುತ್ತದೆ. ಕೊನೆಗೆ ಬಂದ ಉತ್ತರ ಹೀಗಿತ್ತು: "ನಿಮ್ಮ ಮಾಹಿತಿಯನ್ನು ಪರಿಶೀಲಿಸಲು ಆಗಲಿಲ್ಲ. 24 ಗಂಟೆಗಳ ನಂತರ ಮತ್ತೆ ಪ್ರಯತ್ನಿಸಿ." ದಿನಾಂಕವೋ, ಹೆಸರೋ, ಹಳೆಯ ಫೋಟೋಗೂ ಈಗಿನ ಮುಖಕ್ಕೂ ಹೋಲಿಕೆಯಾಗದೆಯೋ, ಯಾವುದೂ ಹೇಳಲಿಲ್ಲ.

ಟೆಂಪೋ ಅಪ್ಪ ಒಂದು ಬಾಡಿಗೆ ಬಿಟ್ಟು ಬಂದಿದ್ದರು. ಮಾರನೆಯ ದಿನ ಬರಲಿಲ್ಲ.

ಹುಡುಗಿ ಏನು ಮಾಡಿದಳು ಅಂತ ನಿಮಗೆ ಗೊತ್ತೇ ಇರುತ್ತದೆ. ಕ್ಲಾಸಿನ ಗೆಳತಿ ಹೇಳಿಕೊಟ್ಟಳು. ಹೊಸ ಇಮೇಲ್, ಹುಟ್ಟಿದ ವರ್ಷ 2001. ಒಂದು ನಿಮಿಷದಲ್ಲಿ ಅಕೌಂಟ್ ತೆರೆಯಿತು. ಯಾರೂ ಚೀಟಿ ಕೇಳಲಿಲ್ಲ, ಸೆಲ್ಫಿ ಕೇಳಲಿಲ್ಲ.

ನನ್ನ ದೂರು ಇರುವುದು ಇಲ್ಲಿ. ಪರೀಕ್ಷೆ ನಡೆಯುವುದು ನಿಜ ಹೇಳಿದ ಮಗುವಿಗೆ ಮಾತ್ರ. ನಿಮ್ಮ 10ನೇ ನಿಯಮದ ಜೊತೆ ಕೊಟ್ಟ ಉದಾಹರಣೆಗಳನ್ನು ನೋಡಿ. ಮಗು ತಾನು ಮಗು ಅಂತ ಹೇಳುತ್ತದೆ, ಇಲ್ಲವೇ ತಾಯಿಯೋ ತಂದೆಯೋ ತಾವಾಗಿ ಮುಂದೆ ಬರುತ್ತಾರೆ. ಎಲ್ಲವೂ ಅಲ್ಲಿಂದಲೇ ಶುರು. ಹೇಳದ ಮಗುವಿನ ಕಥೆ ಅದರಲ್ಲಿಲ್ಲ. ಸುಳ್ಳು ಹೇಳಿ ಒಳಗೆ ಹೋದ ಹುಡುಗಿ ಕಂಪನಿಯ ಲೆಕ್ಕದಲ್ಲಿ ಇಪ್ಪತ್ತು ದಾಟಿದ ಹೆಂಗಸು. ಮಕ್ಕಳನ್ನು ಹಿಂಬಾಲಿಸಿ ನಿಗಾ ಇಡಬಾರದು, ಅವರಿಗೆ ಗುರಿಯಿಟ್ಟ ಜಾಹೀರಾತು ತೋರಿಸಬಾರದು ಅಂತ 9ನೇ ಸೆಕ್ಷನ್ ಕೊಟ್ಟ ರಕ್ಷಣೆ ಅವಳಿಗೆ ಮುಟ್ಟುವುದೇ ಇಲ್ಲ. ಅಪರಿಚಿತರು ಮೆಸೇಜ್ ಕಳಿಸದಂತೆ ಮಕ್ಕಳ ಅಕೌಂಟಿಗೆ ಇರುವ ತಡೆಯೂ ಇಲ್ಲ. ಮುಂದೆ ಯಾವತ್ತೋ ನಿಜವಾದ ವರ್ಷ ಹಾಕಲು ಹೋದರೆ ಅಕೌಂಟೇ ಬಂದ್ ಆಗುವ ಭಯ. ಹಾಗಾಗಿ ಆ ಸುಳ್ಳು ಹಾಗೇ ಉಳಿಯುತ್ತದೆ.

ಡಿಜಿಲಾಕರ್ ಇದೆಯಲ್ಲ ಅಂತ ನೀವು ಹೇಳಬಹುದು. 10ನೇ ನಿಯಮದಲ್ಲಿ ಅದೂ ಒಂದು ದಾರಿ. ದೊಡ್ಡವರು ಅನ್ನುವ ಖಾತ್ರಿಯನ್ನು ಡಿಜಿಲಾಕರ್‌ನಂಥ ಸೇವೆಯಿಂದ ಒಂದು ಟೋಕನ್ ರೂಪದಲ್ಲಿ ಪಡೆಯಬಹುದು. ನನ್ನ ಪ್ರಕಾರ ಇರುವುದರಲ್ಲಿ ಇದೇ ಒಳ್ಳೆಯದು. ಚೀಟಿಯ ಫೋಟೋ ಊರೂರು ಸುತ್ತುವುದಿಲ್ಲ, ಕಾರ್ಡ್ ಬೇಡ. ಆದರೆ ಅದು ನಡೆಯಬೇಕಾದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರಿಗೆ ಓಟಿಪಿ ಬರಬೇಕು. ನಮ್ಮ ಅಂಗಡಿಯಲ್ಲಿ ದಿನವೂ ಕೇಳುವ ಮಾತು "ಆ ನಂಬರ್ ಈಗ ಇಲ್ಲ ಅಕ್ಕ" ಎಂಬುದು. ಸಿಮ್ ಬಂದ್ ಆಗಿರುತ್ತದೆ, ಅಥವಾ ಆಧಾರ್ ಮಾಡಿಸುವಾಗ ಯಾರದೋ ನಂಬರ್ ಕೊಟ್ಟಿರುತ್ತಾರೆ. ಗಂಡನ ನಂಬರ್ ಹೆಂಡತಿಯ ಆಧಾರ್‌ಗೂ ಇರುತ್ತದೆ, ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿ ಇರುತ್ತಾನೆ. ಫೋನ್ ಮಾಡಿ ಓಟಿಪಿ ಕೇಳುವಷ್ಟರಲ್ಲಿ ಸಮಯ ಮುಗಿಯುತ್ತದೆ.

ಇನ್ನು ಅಜ್ಜಿ ಮನೆಯಲ್ಲಿ ಓದುವ ಮಕ್ಕಳು. ವಸತಿ ಶಾಲೆಯಲ್ಲಿರುವ ಮಕ್ಕಳು. ಕಾಯ್ದೆಯ ಪ್ರಕಾರ ಒಪ್ಪಿಗೆ ಕೊಡಬೇಕಾದವರು ತಂದೆ, ತಾಯಿ, ಇಲ್ಲವೇ ಕಾನೂನಿನ ಪ್ರಕಾರ ಪೋಷಕರಾದವರು. ಸಾಕುವ ಅಜ್ಜಿಯ ಹತ್ತಿರ ಅಂಥ ಕಾಗದ ಇರುವುದಿಲ್ಲ. ಹಾಗಂತ ಒಪ್ಪಿಗೆ ಕೊಡುವವರು ನಿಜವಾಗಿ ಆ ಮಗುವಿನ ಅಪ್ಪ ಅಮ್ಮನೇ ಅಂತ ಕಾಗದದಿಂದ ಸಾಬೀತು ಮಾಡಿ ಎಂದು ನಿಯಮ ಹೇಳುವುದಿಲ್ಲ. ಗುರುತು ಸಿಗುವ ದೊಡ್ಡವರು ಆಗಿದ್ದರೆ ಸಾಕು. ಕೆಲವರು ಇದನ್ನು ಲೋಪ ಅನ್ನುತ್ತಾರೆ. ಒಂದು ರೀತಿಯಲ್ಲಿ ಹೌದು, ಬೇಕಾದರೆ ನಾನೇ ಕೂತು ಊರಿನ ಮಕ್ಕಳಿಗೆಲ್ಲ ಒಪ್ಪಿಗೆ ಒತ್ತಬಹುದು. ಆದರೂ ಅದನ್ನು ಬಿಗಿ ಮಾಡಬೇಡಿ ಅಂತಲೇ ನಾನು ಕೇಳುವುದು. ಸಂಬಂಧದ ಕಾಗದ ಕೇಳಲು ಶುರುಮಾಡಿದರೆ ಈಗ ದಾಟುವ ಹತ್ತು ಜನರೂ ದಾಟುವುದಿಲ್ಲ.

ನಿಮ್ಮ ನಿಯಮದಲ್ಲಿ ಒಂದು ಒಳ್ಳೆಯ ಕೆಲಸ ಆಗಿದೆ, ಅದನ್ನೂ ಹೇಳಬೇಕು. ಬರೀ ಇಮೇಲ್ ಕಳಿಸಲು ಪಡೆಯಲು ಮಾತ್ರ ಬಳಸುವ ಅಕೌಂಟಿಗೆ ಪೋಷಕರ ಒಪ್ಪಿಗೆಯಿಂದ ವಿನಾಯಿತಿ ಕೊಟ್ಟಿದ್ದೀರಿ. ಶಾಲೆಗಳು ತಮ್ಮ ಪಾಠದ ಕೆಲಸಕ್ಕೆ ಮಾಡುವುದಕ್ಕೂ ವಿನಾಯಿತಿ ಇದೆ. ಅಂದರೆ ಎಲ್ಲ ಅಕೌಂಟೂ ಒಂದೇ ಅಲ್ಲ ಅಂತ ನಿಮಗೆ ಗೊತ್ತಿದೆ. ಆ ಮನಸ್ಸಿನಿಂದಲೇ ಇನ್ನು ಕೆಲವನ್ನು ನೋಡಿ.

ಕಂಪನಿಗಳಿಗೆ ನೀವು ಸೂಚನೆ ಕೊಡುವಾಗ ಮೊದಲು ಹೇಳಬೇಕಾದದ್ದು ಕಾರಣ ತಿಳಿಸುವ ಬಗ್ಗೆ. ಪರಿಶೀಲನೆ ವಿಫಲವಾದರೆ ಯಾವುದು ಹೊಂದಲಿಲ್ಲ ಅಂತ ಕನ್ನಡದಲ್ಲಿ, ಆಯಾ ಭಾಷೆಯಲ್ಲಿ, ಒಂದು ಸಾಲು ತೋರಿಸಲಿ. ಬ್ಯಾಂಕು ತಡೆಯಿತೇ, ಹೆಸರೇ, ಹುಟ್ಟಿದ ದಿನವೇ, ಫೋಟೋ ಮಸುಕೇ? ಮೋಸಗಾರರಿಗೆ ಅನುಕೂಲ ಆಗುತ್ತದೆ ಅಂತ ಕಂಪನಿಯವರು ಕಾರಣ ಮುಚ್ಚಿಡುತ್ತಾರೆ. ಆದರೆ ಇಲ್ಲಿ ಮೋಸ ಮಾಡುವವರು ಈ ಬಾಗಿಲಿಗೆ ಬರುವುದೇ ಇಲ್ಲ, 2001 ಅಂತ ಹಾಕಿ ಪಕ್ಕದ ಬಾಗಿಲಿನಿಂದ ಹೋಗುತ್ತಾರೆ.

ವಯಸ್ಸನ್ನು ನೋಡುವಾಗ 18 ದಾಟಿದೆಯೇ ಇಲ್ಲವೇ ಅಂತ ಮಾತ್ರ ನೋಡಲಿ. ವರ್ಷ ಒಂದೇ ಇರುವ ಚೀಟಿಯಿಂದಲೂ ಅದು ತಿಳಿಯುವಂತಿದ್ದರೆ ಒಪ್ಪಲಿ. ಡಿಜಿಲಾಕರ್ ಟೋಕನ್ ಕೊಟ್ಟ ಮೇಲೆ ಅಪ್ಪ ಟೈಪ್ ಮಾಡಿದ ಹೆಸರಿನ ಕಾಗುಣಿತ ಹಿಡಿದು ಮತ್ತೆ ತಡೆಯಬಾರದು.

ಪರಿಶೀಲನೆ ನಿಂತಿರುವಾಗ ಮಗುವನ್ನು ಹೊರಗೆ ತಳ್ಳಬೇಡಿ. ಇದು ನನಗೆ ಎಲ್ಲಕ್ಕಿಂತ ಮುಖ್ಯ. ಮೆಸೇಜ್ ಇಲ್ಲದ, ಜಾಹೀರಾತು ಇಲ್ಲದ, ಹೆಸರು ಹೊರಗೆ ಕಾಣದ ಒಂದು ಸಣ್ಣ ಅಕೌಂಟ್‌ನಲ್ಲಿ ಅವಳು ಪಾಠ ಶುರುಮಾಡಲಿ. ಅಪ್ಪನ ಒಪ್ಪಿಗೆ ಬಂದ ದಿನ ಉಳಿದದ್ದು ತೆರೆಯಲಿ. ನಿಜ ಹೇಳಿದವಳಿಗೆ ಏನೋ ಒಂದಿಷ್ಟು ಸಿಕ್ಕರೆ ಸುಳ್ಳಿನ ಆತುರ ಕಡಿಮೆ ಆಗುತ್ತದೆ. ಇದಕ್ಕೆ ಈಗಿನ ಕಾಯ್ದೆಯಲ್ಲಿ ಜಾಗ ಇಲ್ಲದಿದ್ದರೆ, ಇಮೇಲ್‌ಗೆ ಮಾಡಿದಂತೆ ವಿನಾಯಿತಿಯ ಪಟ್ಟಿಯಲ್ಲಿ ಒಂದು ಸಾಲು ಸೇರಿಸಲು ನಿಮಗೆ ಅಧಿಕಾರ ಇದೆ.

ಮತ್ತೆ, ಮನುಷ್ಯರ ಮುಖಾಂತರ ಒಪ್ಪಿಗೆ ಕೊಡುವ ಒಂದು ದಾರಿ ಬೇಕು. ಓಟಿಪಿ ಬರದವರು, ಕಾರ್ಡ್ ಇಲ್ಲದವರು ಗ್ರಾಮ ಒನ್ ಕೇಂದ್ರಕ್ಕೋ ಶಾಲೆಯ ಹೆಡ್‌ಮಾಸ್ಟರ್ ಹತ್ತಿರಕ್ಕೋ ಹೋಗಿ, ಚೀಟಿ ತೋರಿಸಿ, ಒಂದು ಸಲ "ನಾನು ದೊಡ್ಡವನು, ಈ ಮಗುವಿಗೆ ಒಪ್ಪಿಗೆ ಕೊಡುತ್ತೇನೆ" ಅಂತ ದಾಖಲಿಸುವಂತಿರಲಿ. ಆ ದಾಖಲೆ ಎಲ್ಲ ತಾಣಗಳಲ್ಲೂ ನಡೆಯಲಿ. ಹೊಸ ಆ್ಯಪ್ ಬಂದಾಗಲೆಲ್ಲ ಟೆಂಪೋ ನಿಲ್ಲಿಸಿ ಬರುವುದು ಯಾವ ಅಪ್ಪನಿಂದಲೂ ಆಗುವುದಿಲ್ಲ. ಹಣ ಬೇಡ ಅಂತಲೂ ಬರೆಯಿರಿ. ಇಲ್ಲದಿದ್ದರೆ ನಮ್ಮಂಥ ಅಂಗಡಿಗಳು ಒಪ್ಪಿಗೆಗೆ ಇನ್ನೂರು ರೂಪಾಯಿ ಅಂತ ಬೋರ್ಡ್ ಹಾಕುತ್ತವೆ. ನಾನು ಈ ವ್ಯಾಪಾರದಲ್ಲೇ ಇರುವವಳು, ಗೊತ್ತಿದ್ದೇ ಹೇಳುತ್ತಿದ್ದೇನೆ.

2027ರ ಮೇ ಬರುವ ಮೊದಲು ಒಂದು ತಾಲ್ಲೂಕಿನಲ್ಲಿ ಪರೀಕ್ಷೆ ಮಾಡಿ ನೋಡಿ. ದೆಹಲಿಯ ಕಚೇರಿಯಲ್ಲಿ ಕ್ರೆಡಿಟ್ ಕಾರ್ಡ್, ಎರಡು ಫೋನ್ ಇಟ್ಟುಕೊಂಡು ಮಾಡಿದರೆ ಎಲ್ಲವೂ ಸರಾಗ ಕಾಣುತ್ತದೆ. ಒಂದೇ ಫೋನ್, ಒಂದು ರುಪೇ ಕಾರ್ಡ್, ವರ್ಷ ಮಾತ್ರ ಇರುವ ಒಂದು ಆಧಾರ್, ಹಳೆಯ ಸಿಮ್‌ಗೆ ಜೋಡಿಸಿದ ನಂಬರ್. ಇಷ್ಟನ್ನು ಹಿಡಿದ ಮನೆಗಳನ್ನು ಕೂರಿಸಿ, ಎಷ್ಟು ಮನೆ ದಾಟಿತು, ದಾಟದವು ಯಾವ ಹಂತದಲ್ಲಿ ನಿಂತವು ಅಂತ ಬರೆದು ಪ್ರಕಟಿಸಿ. ಸ್ಥಳ ಬೇಕಿದ್ದರೆ ನಮ್ಮ ಅಂಗಡಿ ಹೈಸ್ಕೂಲಿನ ಎದುರಿಗೇ ಇದೆ, ಭಾನುವಾರ ಬಿಟ್ಟು ಯಾವತ್ತಾದರೂ ಬನ್ನಿ.

ಇಂತಿ,
ಆನ್‌ಲೈನ್ ಸೆಂಟರ್ ನಡೆಸುವ ಒಬ್ಬ ಹೆಂಗಸು